ನನ್ನ ನಂಬರ್ ರಿಂಗ್ ಆಯಿತು, ನನ್ನ ಫೋನ್ ರಿಂಗ್ ಆಗಲಿಲ್ಲ

ಶನಿವಾರ ಸಂಜೆ 7:40 ಇರಬಹುದು. ಮಗಳಿಗೆ ಲೆಕ್ಕ ಹೇಳಿಕೊಡುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಫೋನ್ ನೋಡಿದರೆ ಸಿಗ್ನಲ್ ಕಡ್ಡಿಗಳ ಜಾಗದಲ್ಲಿ No Service ಅಂತ ಇತ್ತು. ಮನೆಯ ವೈಫೈ ಮಾತ್ರ ಸರಿಯಾಗಿತ್ತು. ಆಫ್ ಮಾಡಿ ಆನ್ ಮಾಡಿದೆ. ಸಿಮ್ ತೆಗೆದು ಒರೆಸಿ ಹಾಕಿದೆ. ಏನೂ ಬದಲಾಗಲಿಲ್ಲ.

ಹೆಂಡತಿಯದೂ ಅದೇ ಕಂಪನಿಯ ಸಿಮ್. ಅವಳ ಫೋನಿನಲ್ಲಿ ಪೂರ್ತಿ ಸಿಗ್ನಲ್ ಇತ್ತು. ಅದನ್ನು ಇಸಕೊಂಡು ನನ್ನ ನಂಬರಿಗೆ ನಾನೇ ಫೋನ್ ಮಾಡಿದೆ. ಟೇಬಲ್ ಮೇಲಿದ್ದ ನನ್ನ ಫೋನ್ ಸುಮ್ಮನೆ ಬಿದ್ದಿತ್ತು. ಆದರೆ ಕಿವಿಯಲ್ಲಿ ರಿಂಗ್ ಕೇಳಿಸುತ್ತಿತ್ತು. ಎರಡು ಸಲ, ಮೂರು ಸಲ. ನಾಲ್ಕನೇ ರಿಂಗಿಗೆ ಯಾರೋ ಕಟ್ ಮಾಡಿದರು.

ಇದಕ್ಕಿಂತ ಖಚಿತವಾದ ಪರೀಕ್ಷೆ ಬೇರೆ ಇಲ್ಲ. ಟವರ್ ಹೋಗಿದ್ದರೆ, ಸಿಮ್ ಕೆಟ್ಟಿದ್ದರೆ, ಸ್ವಿಚ್ ಆಫ್ ಅಥವಾ ವ್ಯಾಪ್ತಿ ಪ್ರದೇಶದ ಹೊರಗೆ ಎಂದು ಹೇಳುತ್ತದೆ. ನಿಮ್ಮ ಕೈಯಲ್ಲಿರುವ ಫೋನಿಗೆ ಸಿಗ್ನಲ್ ಇಲ್ಲ, ಆದರೂ ನಂಬರ್ ರಿಂಗ್ ಆಗುತ್ತಿದೆ ಎಂದರೆ ಆ ನಂಬರ್ ಬೇರೆ ಯಾರದೋ ಕೈಯಲ್ಲಿದೆ. ಕಾಲ್ ಫಾರ್ವರ್ಡ್ ಹಾಕಿಟ್ಟವರಿಗೆ ಮಾತ್ರ ಈ ಪರೀಕ್ಷೆ ದಾರಿ ತಪ್ಪಿಸಬಹುದು.

ನಾನು ಶಿವಮೊಗ್ಗದಲ್ಲಿ ಒಂದು ಸಹಕಾರ ಸಂಘದ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಆದರೆ ಅವತ್ತು ಬೇಗ ಎಚ್ಚರವಾಗಿದ್ದು ನನ್ನ ಕೆಲಸದಿಂದಲ್ಲ, ಚಿಕ್ಕಪ್ಪನಿಂದ. ಅವರ ತೋಟ ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಅಲ್ಲಿ ಸಿಗ್ನಲ್ ಹೋಗುವುದು ಮಾಮೂಲು. ಎರಡು ವರ್ಷದ ಹಿಂದೆ ಒಂದು ದಿನ ಅವರ ಫೋನ್ ಸತ್ತಾಗ "ಟವರ್ ಹೋಗಿರಬೇಕು ಕಣೋ" ಎಂದುಕೊಂಡು ಒಂದೂವರೆ ದಿನ ಸುಮ್ಮನಿದ್ದರು. ಪೇಟೆಗೆ ಹೋದಾಗ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಮೂರು ಸಾಲಿನಲ್ಲಿ 1,90,000 ರೂಪಾಯಿ ಹೋಗಿತ್ತು. ಮೊದಲ ಸಾಲು, ಸಿಗ್ನಲ್ ಹೋಗಿ ಸುಮಾರು 25 ಗಂಟೆ ಆದ ಮೇಲಿನದು.

ಆ 25 ಗಂಟೆ ಯಾಕೆ ಎಂದು ಹೇಳಿದರೆ ಇಡೀ ಆಟ ಅರ್ಥವಾಗುತ್ತದೆ.

ನಿಮ್ಮ ನಂಬರ್ ಇರುವುದು ಸಿಮ್ ಒಳಗೆ ಎಂದು ಅನಿಸುತ್ತದೆ, ಅಲ್ವಾ? ನಿಜಕ್ಕೂ ಅದು ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ. ಈ ನಂಬರ್ ಈ ಕಾರ್ಡಿಗೆ ಸೇರಿದ್ದು ಎಂದು ಅಲ್ಲಿ ಬರೆದಿರುತ್ತದೆ. ಸಿಮ್ ಮೇಲೆ ಸಣ್ಣದಾಗಿ ಅಚ್ಚಾಗಿರುವ 19–20 ಅಂಕಿಯೇ ಆ ಕಾರ್ಡಿನ ಗುರುತು. ಯಾರೋ ನಕಲಿ ದಾಖಲೆ ತೋರಿಸಿ, ಅಥವಾ ಅಂಗಡಿಯವನನ್ನು ಬುಟ್ಟಿಗೆ ಹಾಕಿಕೊಂಡು, ಸಿಮ್ ಕಳೆದಿದೆ ಎಂದು ಹೊಸದು ತೆಗೆದರೆ ಆ ದಾಖಲೆ ಬದಲಾಗುತ್ತದೆ. ಹಳೆಯ ಕಾರ್ಡ್ ಸಾಯುತ್ತದೆ, ಹೊಸದು ಜೀವ ಪಡೆಯುತ್ತದೆ. ಇ-ಸಿಮ್ ಆದರೆ ಕಾರ್ಡೂ ಬೇಡ. ಕಂಪನಿಯವರಂತೆ ಫೋನ್ ಮಾಡಿ, ಒಂದು ಲಿಂಕ್ ಒಪ್ಪಿಸಿಬಿಟ್ಟರೆ ಸಾಕು. ನಿಮ್ಮ ಫೋನಿಗೆ ಯಾರೂ ನುಗ್ಗಿರುವುದಿಲ್ಲ. ಹಾಗಾಗಿ ಆಂಟಿವೈರಸ್ ಇದ್ದರೂ ಪ್ರಯೋಜನವಿಲ್ಲ. ಸಿಮ್ ಪಿನ್ ಕೂಡ ಇದನ್ನು ತಡೆಯುವುದಿಲ್ಲ.

ಇನ್ನೊಂದು ವಿಷಯ. ಸಿಮ್ ಬದಲಿಸುವುದು ಕಳ್ಳರ ಕೊನೆಯ ಹೆಜ್ಜೆ. ಅದಕ್ಕೆ ಮೊದಲೇ ಅವರ ಬಳಿ ಏನಾದರೂ ಇರುತ್ತದೆ. ಚಿಕ್ಕಪ್ಪ ಹಿಂದಿನ ವಾರ ಕೆವೈಸಿ ಅಪ್‌ಡೇಟ್ ಎಂಬ ಫಾರಂನಲ್ಲಿ ಡೆಬಿಟ್ ಕಾರ್ಡ್ ವಿವರ, ನೆಟ್ ಬ್ಯಾಂಕಿಂಗ್ ಐಡಿ ಎಲ್ಲ ತುಂಬಿದ್ದರು. ಕಳ್ಳರಿಗೆ ಬೇಕಿದ್ದದ್ದು ಒಟಿಪಿ ಮಾತ್ರ.

2022ರ ಕೊನೆಯಲ್ಲಿ ದೂರಸಂಪರ್ಕ ಇಲಾಖೆ ಇದಕ್ಕೊಂದು ತಡೆ ಹಾಕಿಸಿತು. ಸಿಮ್ ಬದಲಾದ ಮೇಲೆ 24 ಗಂಟೆ ಆ ನಂಬರಿಗೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಅಂದರೆ ಎಸ್‌ಎಂಎಸ್ ಒಟಿಪಿ ಸಿಗಲ್ಲ. ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಲು ಸಿಮ್‌ನಿಂದ ಒಂದು ಎಸ್‌ಎಂಎಸ್ ಹೋಗಬೇಕು, ಅದೂ ಆಗಲ್ಲ. ಚಿಕ್ಕಪ್ಪನಿಗೆ ಒಂದು ಪೂರ್ತಿ ದಿನ ಕೈಯಲ್ಲಿತ್ತು. ಅದು ಟವರ್ ಮೇಲೆ ಅನುಮಾನ ಪಡುವುದರಲ್ಲೇ ಕಳೆದುಹೋಯಿತು.

ಈ ತಡೆಗೂ ಒಂದು ತೂತು ಇದೆ. ಫೋನ್ ಕರೆ ನಿಲ್ಲುವುದಿಲ್ಲ. ಕೋಡನ್ನು ಕರೆ ಮಾಡಿ ಓದಿ ಹೇಳುವ ಸೇವೆಗಳೆಲ್ಲ ಮೊದಲ ನಿಮಿಷದಿಂದಲೇ ಕಳ್ಳರಿಗೆ ತೆರೆದಿರುತ್ತವೆ. ವಾಟ್ಸಾಪ್ ಅದರಲ್ಲಿ ಒಂದು. ನನಗೆ ಅದೇ ಆಯಿತು.

ಹೆಂಡತಿಯ ಫೋನಿನಿಂದ ಸಿಮ್ ಕಂಪನಿಯ ದೂರಿನ ನಂಬರ್ 198ಕ್ಕೆ ಕರೆ ಮಾಡಿದೆ. ಅದೇ ಕಂಪನಿಯ ಸಿಮ್ ಆದ್ದರಿಂದ ನೇರ ಸಿಕ್ಕಿತು. ಲೈನಿನಲ್ಲಿ ಕಾಯುತ್ತಿದ್ದಾಗಲೇ ನನ್ನ ಫೋನಿನಲ್ಲಿ ವಾಟ್ಸಾಪ್ ಹೊರಗೆ ಬಂತು. ಈ ನಂಬರ್ ಈಗ ಈ ಫೋನಿನಲ್ಲಿ ನೋಂದಣಿ ಆಗಿಲ್ಲ ಎಂದಿತು. ಎರಡು ಹಂತದ ಪಿನ್ ನಾನು ಇಟ್ಟಿರಲಿಲ್ಲ. ಆಗ ಸಮಯ 7:46.

ಕಸ್ಟಮರ್ ಕೇರ್ ಹುಡುಗಿ ಸಿಕ್ಕಳು. ಇಲ್ಲಿ ಬಹಳ ಜನ ತಪ್ಪುತ್ತಾರೆ. "ನನ್ನ ಸಿಗ್ನಲ್ ಬರ್ತಾ ಇಲ್ಲ" ಎಂದರೆ ನೆಟ್‌ವರ್ಕ್ ದೂರು ಬರೆದುಕೊಂಡು 24 ಗಂಟೆ ಕಾಯಲು ಹೇಳುತ್ತಾರೆ. ನಾನು ಹೇಳಿದ್ದು ಹೀಗೆ: "ಮೇಡಂ, ನನ್ನ ನಂಬರಿಗೆ ಬೇರೆ ಯಾರೋ ಸಿಮ್ ತೆಗೆದಿದ್ದಾರೆ. ನಾನು ಕೇಳಿಲ್ಲ. ಈಗಲೇ ನಂಬರ್ ಪೂರ್ತಿ ಬ್ಲಾಕ್ ಮಾಡಿ, ಒಳಗೆ ಬರುವ ಕರೆಯೂ ನಿಲ್ಲಬೇಕು."

"ಸರ್, ಬ್ಲಾಕ್ ಮಾಡಿದ್ರೆ ನಿಮಗೂ ಕಾಲ್ ಬರಲ್ಲ."

"ನನಗೆ ಹೇಗೂ ಬರ್ತಾ ಇಲ್ಲಮ್ಮ. ಅವರಿಗೂ ಬರಬಾರದು."

ಹುಟ್ಟಿದ ದಿನಾಂಕ, ಕೊನೆಯ ರೀಚಾರ್ಜ್ ಎಷ್ಟು ಎಂದೆಲ್ಲ ಕೇಳಿದಳು. ರೀಚಾರ್ಜ್ ಮೊತ್ತ ಹೆಂಡತಿಗೇ ನೆನಪಿತ್ತು. ಸಂಜೆ 7:31ಕ್ಕೆ ಸಿಮ್ ಬದಲಾಗಿದೆ ಎಂದು ಹೇಳಿ ಬ್ಲಾಕ್ ಮಾಡಿದಳು. ದೂರಿನ ನಂಬರ್ ಮಗಳ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆದುಕೊಂಡೆ. 7:58 ಆಗಿತ್ತು. ತಕ್ಷಣ ನನ್ನ ನಂಬರಿಗೆ ಮತ್ತೆ ಕರೆ ಮಾಡಿ ನೋಡಿದೆ. ಈ ಸಲ ರಿಂಗ್ ಇಲ್ಲ. ಅಷ್ಟು ಖಾತರಿ ಮಾಡಿಕೊಳ್ಳದೆ ಮುಂದೆ ಹೋಗಬೇಡಿ.

ಕಾಯುತ್ತಿದ್ದ ಹೊತ್ತಿನಲ್ಲೇ ಲ್ಯಾಪ್‌ಟಾಪ್ ತೆರೆದಿದ್ದೆ. ಅದರಲ್ಲಿ ಜಿಮೇಲ್ ಲಾಗಿನ್ ಆಗೇ ಇತ್ತು. ವೈಫೈ ಇದ್ದುದರಿಂದ ಫೋನಿನಲ್ಲಿ ಗೂಗಲ್ ಒಂದು ಪ್ರಶ್ನೆ ತೋರಿಸುತ್ತಿತ್ತು: ಲಾಗಿನ್ ಮಾಡಲು ಪ್ರಯತ್ನಿಸುತ್ತಿರುವುದು ನೀವೇನಾ? ಇಲ್ಲ ಎಂದು ಒತ್ತಿದೆ. ಇಂಥ ಹೊತ್ತಿನಲ್ಲಿ ಗಾಬರಿಗೆ ಎಲ್ಲ ಕಡೆ ಲಾಗ್ಔಟ್ ಮಾಡಿಬಿಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಲಾಗಿನ್ ಆಗಿರುವ ಆ ಲ್ಯಾಪ್‌ಟಾಪೇ ಆಗ ನಿಮ್ಮ ಬಳಿ ಉಳಿದಿರುವ ಬೀಗದ ಕೈ. ಅದನ್ನು ಬಿಟ್ಟು, ಗುರುತಿಲ್ಲದ ಸಾಧನಗಳನ್ನು ಮಾತ್ರ ಹೊರಗೆ ಹಾಕಬೇಕು. ನಾನು ಮೊದಲು ಪಾಸ್‌ವರ್ಡ್ ಬದಲಿಸಿದೆ. ಆಮೇಲೆ ಪಾಸ್‌ವರ್ಡ್ ಮರೆತಾಗ ಕೋಡ್ ಬರುವ ರಿಕವರಿ ನಂಬರ್ ಜಾಗದಲ್ಲಿದ್ದ ನನ್ನ ನಂಬರ್ ತೆಗೆದೆ. ಆದರೆ ತೆಗೆದ ಮೇಲೂ ಏಳು ದಿನ ಗೂಗಲ್ ಹಳೆಯ ರಿಕವರಿ ನಂಬರಿಗೆ ಕೋಡ್ ಕಳಿಸಲು ಒಪ್ಪಬಹುದು. ನಂಬರನ್ನೇ ಮೊದಲು ಬ್ಲಾಕ್ ಮಾಡಿಸಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಇಮೇಲ್ ಕಳ್ಳರ ಕೈಗೆ ಹೋದರೆ ಉಳಿದ ಎಲ್ಲ ಖಾತೆಗಳ ಪಾಸ್‌ವರ್ಡ್ ರೀಸೆಟ್ ಅಲ್ಲಿಗೇ ಬರುತ್ತದೆ. ಕೆಲವು ಬ್ಯಾಂಕುಗಳ ಒಟಿಪಿಯೂ ಇಮೇಲ್‌ಗೆ ಬರುತ್ತದೆ.

8:02ಕ್ಕೆ ಬ್ಯಾಂಕಿನ ಸಹಾಯವಾಣಿ. ಎಟಿಎಂ ಕಾರ್ಡ್ ಬ್ಲಾಕ್ ಮಾಡಿ ಎಂದಷ್ಟೇ ಕೇಳಿದರೆ ಸಾಲದು. ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ಮೂರನ್ನೂ ನಿಲ್ಲಿಸಿ, ಹಣ ಹೊರಗೆ ಹೋಗದಂತೆ ಖಾತೆಗೆ ಡೆಬಿಟ್ ಫ್ರೀಜ್ ಹಾಕಿ ಎಂದೆ. ಅದೇ ಮಾತನ್ನು ಸಮಯ ಸಮೇತ ಬ್ಯಾಂಕಿಗೆ ಇಮೇಲ್ ಮಾಡಿದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲಿ ಬ್ಯಾಂಕಿನ ತಪ್ಪೂ ಅಲ್ಲದ, ನಮ್ಮ ತಪ್ಪೂ ಅಲ್ಲದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆ ಬರುವುದಿಲ್ಲ ಎಂದಿದೆ. ಯಾವಾಗ ತಿಳಿಸಿದೆವು ಎನ್ನುವುದಕ್ಕೆ ಬರಹದ ದಾಖಲೆ ಬೇಕು. ಚಿಕ್ಕಪ್ಪ ಬಾಯಿಮಾತಿನಲ್ಲಿ ಹೇಳಿ ಬಂದಿದ್ದರು. ಅದನ್ನು ಸಾಬೀತು ಮಾಡಲು ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ.

ಕೈಯಲ್ಲಿ ಒಂದೇ ಫೋನ್ ಇದ್ದರೆ ಮೊದಲು ಯಾರಿಗೆ ಕರೆ? ಸಿಗ್ನಲ್ ಈಗಷ್ಟೇ ಹೋಗಿದ್ದರೆ ಸಿಮ್ ಕಂಪನಿಗೆ. ಹೋಗಿ ಒಂದು ದಿನ ಆಗಿದ್ದರೆ, ಅಥವಾ ಯಾವಾಗ ಹೋಯಿತು ಎಂದೇ ಗೊತ್ತಿಲ್ಲದಿದ್ದರೆ ಮೊದಲು ಬ್ಯಾಂಕಿಗೆ. 24 ಗಂಟೆಯ ತಡೆ ಮುಗಿದಿದ್ದರೆ ಹಣಕ್ಕೆ ಕಾವಲೇ ಇರುವುದಿಲ್ಲ.

ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930. ಚಿಕ್ಕಪ್ಪನ ಪರವಾಗಿ ನಾನೇ ಮಾತಾಡಿದ್ದೆ. ಖಾತೆ ನಂಬರ್, ಪ್ರತಿ ವರ್ಗಾವಣೆಯ ಮೊತ್ತ, ಸಮಯ, ವ್ಯವಹಾರದ ಸಂಖ್ಯೆ ಕೇಳುತ್ತಾರೆ. ಇವು ಮುಂದಿದ್ದರೆ ಹತ್ತು ನಿಮಿಷದ ಕೆಲಸ. ಅವರು ಹಣ ಹೋದ ಬ್ಯಾಂಕಿಗೆ ಸುದ್ದಿ ಮುಟ್ಟಿಸುತ್ತಾರೆ. ಅಲ್ಲಿ ಹಣ ಉಳಿದಿದ್ದರೆ ತಡೆಹಿಡಿಯುತ್ತಾರೆ, ಮುಂದೆ ಹೋಗಿದ್ದರೆ ಆ ಬ್ಯಾಂಕನ್ನು ಹಿಡಿಯುತ್ತಾರೆ. ನಮಗೆ ಸಿಕ್ಕಿಬಿದ್ದದ್ದು 62,000. ಉಳಿದದ್ದನ್ನು ಅಷ್ಟರೊಳಗೆ ಎಟಿಎಂನಲ್ಲಿ ತೆಗೆದಿದ್ದರು. ಆ 62,000 ವಾಪಸ್ ಬರಲು cybercrime.gov.in ನಲ್ಲಿ ಪೂರ್ತಿ ದೂರು, ಸೈಬರ್ ಠಾಣೆಗೆ ಓಡಾಟ, ಕೊನೆಗೆ ಕೋರ್ಟಿನ ಆದೇಶ ಎಲ್ಲ ಬೇಕಾಯಿತು. ಸಂಪರ್ಕಕ್ಕೆ ಕೊಡುವ ನಂಬರ್ ನಿಮ್ಮ ಕಳೆದುಹೋದ ನಂಬರ್ ಆಗಿರಬಾರದು. ಸ್ವೀಕೃತಿ ಸಂಖ್ಯೆ ಅಲ್ಲಿಗೇ ಬರುತ್ತದೆ.

ನನ್ನ ಖಾತೆಯಿಂದ ಒಂದು ರೂಪಾಯಿಯೂ ಹೋಗಲಿಲ್ಲ. ಆದರೆ 8:10ರ ಹೊತ್ತಿಗೆ ನನ್ನ ವಾಟ್ಸಾಪಿನಿಂದ ತಂಗಿಗೆ, ಇಬ್ಬರು ಸಹೋದ್ಯೋಗಿಗಳಿಗೆ ಸಂದೇಶ ಹೋಗಿತ್ತು: ಅರ್ಜೆಂಟ್, ಆಸ್ಪತ್ರೆಯಲ್ಲಿದ್ದೇನೆ, 15,000 ಹಾಕು. ನಂಬರ್ ಬ್ಲಾಕ್ ಆದರೂ ಒಮ್ಮೆ ತೆರೆದ ವಾಟ್ಸಾಪ್ ಇಂಟರ್ನೆಟ್ ಮೇಲೆ ಓಡುತ್ತಲೇ ಇರುತ್ತದೆ. ಹೆಂಡತಿ ಅಷ್ಟರಲ್ಲೇ ಮನೆಯವರ ಗುಂಪಿನಲ್ಲಿ, ಇವರ ನಂಬರ್ ಕಳ್ಳರ ಕೈಯಲ್ಲಿದೆ, ಹಣ ಹಾಕಬೇಡಿ ಎಂದು ಧ್ವನಿ ಸಂದೇಶ ಹಾಕಿದ್ದಳು. ಬರೆದಿದ್ದನ್ನು ನಂಬದ ತಂಗಿ ಅತ್ತಿಗೆಯ ಧ್ವನಿ ಕೇಳಿ ನಂಬಿದಳು.

ಮರುದಿನ ಬೆಳಿಗ್ಗೆ ಕಂಪನಿಯ ಸ್ವಂತ ಮಳಿಗೆಗೆ ಆಧಾರ್ ಹಿಡಿದು ಹೋಗಿ, ಬೆರಳಚ್ಚು ಕೊಟ್ಟು ಹೊಸ ಸಿಮ್ ತೆಗೆದುಕೊಂಡೆ. ಎಸ್‌ಎಂಎಸ್ ತಡೆ ನನಗೂ ಬಿತ್ತು. 24 ಗಂಟೆ ನನಗೂ ಒಟಿಪಿ ಇಲ್ಲ. ಅದು ಸರಿಯೇ. ವಾಟ್ಸಾಪಿಗೆ ಕರೆಯ ಮೂಲಕ ಕೋಡ್ ಪಡೆದೆ. ಕೋಡ್ ಹಾಕಿದ ಕ್ಷಣವೇ ಕಳ್ಳರು ಹೊರಬಿದ್ದರು. ಆದರೆ ಅವರು ಎರಡು ಹಂತದ ಪಿನ್ ಹಾಕಿಟ್ಟಿದ್ದರು. ನಾನು ಒಳಗೆ ಹೋಗಲು ಏಳು ದಿನ ಕಾಯಬೇಕಾಯಿತು. ಆ ವಾರದಲ್ಲಿ ದೂರಸಂಪರ್ಕ ಇಲಾಖೆಯ sancharsaathi.gov.in ನಲ್ಲಿ ನನ್ನ ಹೆಸರಲ್ಲಿ ಬೇರೆ ಸಿಮ್ ಇದೆಯೇ ಎಂದು ನೋಡಿದೆ. ಜಿಮೇಲ್‌ಗೆ ಎಸ್‌ಎಂಎಸ್ ಬದಲು, ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿದೆ. ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಟ್ಟೆ.

ಬೀರುವಿನ ಬಾಗಿಲ ಒಳಗೆ ಇನ್ನೊಂದು ಚೀಟಿ ಅಂಟಿಸಿದ್ದೇವೆ. ಸಿಮ್ ಕಂಪನಿಯ ಹತ್ತು ಅಂಕಿಯ ಸಹಾಯವಾಣಿ, ಬ್ಯಾಂಕಿನದು, 1930, ಮನೆಯ ಎಲ್ಲರ ಕೊನೆಯ ರೀಚಾರ್ಜ್ ಮೊತ್ತ. ಅಂಥದ್ದೇ ಒಂದು ಚೀಟಿ ತೋಟದ ಮನೆಯ ಕ್ಯಾಲೆಂಡರ್ ಪಕ್ಕದಲ್ಲೂ ಇದೆ. ಈಗ ಮಳೆ ಜೋರಾಗಿ ಸಿಗ್ನಲ್ ಹೋದರೆ ಚಿಕ್ಕಪ್ಪ ಪಕ್ಕದ ಮನೆಗೆ ಹೋಗಿ ಅಲ್ಲಿಂದ ನನಗೆ ಫೋನ್ ಮಾಡುತ್ತಾರೆ. "ನನ್ನ ನಂಬರಿಗೆ ಒಂದು ರಿಂಗ್ ಕೊಡೋ ಮಾರಾಯ, ಹೋಗುತ್ತಾ ನೋಡು" ಎನ್ನುತ್ತಾರೆ. ಹೋಗುವುದಿಲ್ಲ ಎಂದ ಮೇಲೆಯೇ ಮನೆಗೆ ವಾಪಸ್ ಹೋಗುತ್ತಾರೆ.