ಪುಟಾಣಿ ಪ್ಯಾಕೆಟ್ಟಿನಲ್ಲಿ ಶೇಂಗಾ: ಬ್ರಿಟನ್ನಿನ ರೀಕಾಲ್ ನೋಟಿಸು ಓದುವುದು ಹೇಗೆ?

ಬ್ರಿಟನ್ನಿಗೆ ಬಂದಿರುವ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರ ಅಡುಗೆಮನೆಯಲ್ಲಿ ಶೇಂಗಾ ಸೋಕದ ಡಬ್ಬಿ ಸಿಗೋದು ಕಷ್ಟ. ಊರಿಂದ ಬಂದ ಹಿಂಡಿ ಮುಗಿದ ಮೇಲೆ ಇಲ್ಲಿನ ಇಂಡಿಯನ್ ಅಂಗಡಿಯ ಚಟ್ನಿಪುಡಿಗೆ ಕೈ ಹೋಗುತ್ತದೆ. ಒಂದಲ್ಲ ಒಂದು ದಿನ ಅದೇ ಅಂಗಡಿಯಲ್ಲಿ, ದುಡ್ಡು ಕೊಡುವ ಕಡೆ, ಒಂದು ಹಾಳೆ ಅಂಟಿಸಿರುವುದು ಕಣ್ಣಿಗೆ ಬೀಳುತ್ತದೆ. ಅದೇ ರೀಕಾಲ್ ನೋಟಿಸು. ಮಾರಿಹೋದ ಮಾಲನ್ನು ಕಂಪನಿ ವಾಪಸ್ ಕರೆಸಿಕೊಳ್ಳುತ್ತಿದೆ ಅಂತ ಅರ್ಥ.

ಗಂಗಾವತಿಯ ಒಬ್ಬ ತಾಯಿಗೆ ಮಗ ಇಂಥ ಹಾಳೆಯ ಫೋಟೊ ಕಳಿಸಿದ್ದ. ‘ಒಂದು ಪಾಕೀಟು ಕೆಟ್ರ ಬದಲಿ ಕೊಟ್ಟು ಕಳಿಸಬೇಕಪ್ಪ, ಊರಿಗೆಲ್ಲ ಡಂಗುರ ಯಾಕ ಹೊಡಿತಾರ?’ ಅಂದರಂತೆ. ಪ್ರಶ್ನೆ ಸರಿಯಾದದ್ದೇ. ಕೊಂಡವರು ಯಾರು ಅಂತ ಅಂಗಡಿಯವನಿಗೂ ಗೊತ್ತಿರೋದಿಲ್ಲ, ಕಂಪನಿಗೂ ಗೊತ್ತಿರೋದಿಲ್ಲ. ಅದಕ್ಕೇ ಊರಿಗೆಲ್ಲ ಹೇಳಬೇಕು. ಮಾಲು ಇನ್ನೂ ಗೋಡೌನಿನಲ್ಲೇ ಇದ್ದರೆ ಸದ್ದಿಲ್ಲದೆ ವಾಪಸ್ ತರಿಸಿಕೊಳ್ಳುತ್ತಾರೆ, ಅದಕ್ಕೆ ಇಲ್ಲಿ ವಿತ್‌ಡ್ರಾವಲ್ ಅನ್ನುತ್ತಾರೆ. ಮನೆ ಸೇರಿದ ಮೇಲೆ ಮಾತ್ರ ಅದು ರೀಕಾಲ್.

ಆಹಾರದ ವಿಷಯ ನೋಡಿಕೊಳ್ಳುವುದು ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ. ಸ್ಕಾಟ್ಲೆಂಡಿಗೆ ಫುಡ್ ಸ್ಟ್ಯಾಂಡರ್ಡ್ಸ್ ಸ್ಕಾಟ್ಲೆಂಡ್ ಅಂತ ಬೇರೆಯೇ ಇದೆ. ಕಂಪನಿ ತಪ್ಪು ಕಂಡುಹಿಡಿದು ತಿಳಿಸಿದ ಮೇಲೆ ಏಜೆನ್ಸಿ food.gov.uk ನಲ್ಲಿ ಪ್ರಕಟಣೆ ಹಾಕುತ್ತದೆ. ಅದರ ನಂಬರಿನಲ್ಲಿ `FSA-AA` ಅಂತಿದ್ದರೆ ಅಲರ್ಜಿಯ ಎಚ್ಚರಿಕೆ. `FSA-PRIN` ಅಂತಿದ್ದರೆ ಬೇರೆ ಕಾರಣ. ಗಾಜಿನ ಚೂರು, ಪ್ಲಾಸ್ಟಿಕ್ಕು, ಸಾಲ್ಮೊನೆಲ್ಲಾ ಥರದ್ದು. ಈ ವ್ಯತ್ಯಾಸ ಮುಖ್ಯ. ಗಾಜಿನ ಚೂರಿದ್ದರೆ ಯಾರೂ ತಿನ್ನುವಂತಿಲ್ಲ. ಅಲರ್ಜಿ ನೋಟಿಸು ಆ ಅಲರ್ಜಿ ಇರುವವರಿಗೆ ಮಾತ್ರ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇದು ನಾನೇ ಬರೆದದ್ದು, ನಂಬರೂ ಸುಮ್ನೆ ಹಾಕಿದ್ದು. ಆದರೆ ಧಾಟಿ ಇಲ್ಲಿನದೇ:

‘ನಮ್ಮ 200 ಗ್ರಾಂ ಪುಟಾಣಿ ಚಟ್ನಿಪುಡಿಯ ಕೆಲವು ಪ್ಯಾಕೆಟ್‌ಗಳಲ್ಲಿ ತಪ್ಪಾಗಿ ಶೇಂಗಾ ಚಟ್ನಿಪುಡಿ ತುಂಬಿದೆ. ಲೇಬಲ್ಲಿನಲ್ಲಿ ಶೇಂಗಾ ಎಂದು ಬರೆದಿಲ್ಲ. ಶೇಂಗಾ ಅಲರ್ಜಿ ಇರುವವರಿಗೆ ಇದರಿಂದ ಅಪಾಯವಾಗಬಹುದು. ಬ್ಯಾಚ್ 4127, ಬೆಸ್ಟ್ ಬಿಫೋರ್ 30 ನವೆಂಬರ್ ಎಂದಿರುವ ಪ್ಯಾಕೆಟ್‌ಗಳನ್ನು ವಾಪಸ್ ಪಡೆಯುತ್ತಿದ್ದೇವೆ. ಶೇಂಗಾ ಅಲರ್ಜಿ ಇದ್ದರೆ ತಿನ್ನಬೇಡಿ. ಕೊಂಡ ಅಂಗಡಿಗೆ ಹಿಂತಿರುಗಿಸಿ, ಪೂರ್ತಿ ಹಣ ಪಡೆಯಿರಿ. ರಸೀದಿ ಬೇಕಿಲ್ಲ. ಬೇರೆ ಯಾವ ಉತ್ಪನ್ನಕ್ಕೂ ತೊಂದರೆ ಇಲ್ಲ. ಆದ ತೊಂದರೆಗೆ ಕ್ಷಮೆ ಕೋರುತ್ತೇವೆ.’

ಎಷ್ಟು ಸಪ್ಪೆ ಬರವಣಿಗೆ, ಅಲ್ವಾ? ಬೇಕೆಂದೇ ಹಾಗೆ ಬರೆಯುತ್ತಾರೆ. ಏನಾಗಿದೆ, ಯಾರಿಗೆ ಅಪಾಯ, ಯಾವ ಪ್ಯಾಕೆಟ್ಟು, ಏನು ಮಾಡಬೇಕು. ಕ್ಷಮೆ ಕೊನೆಗೆ, ಅದೂ ಒಂದೇ ಸಾಲು. ಕ್ಷಮೆಯನ್ನೇ ಮೊದಲು ಉದ್ದಕ್ಕೆ ಎಳೆದರೆ ಬ್ಯಾಚ್ ನಂಬರ್ ಓದುವಷ್ಟರಲ್ಲಿ ಜನ ಹಾಳೆ ಬಿಟ್ಟು ಹೋಗಿರುತ್ತಾರೆ. ‘ಅಪಾಯವಾಗಬಹುದು’ ಅನ್ನುವುದನ್ನು ಓದಿ ಹಗುರವಾಗಿ ತೆಗೆದುಕೊಳ್ಳಬೇಡಿ. ಯಾವ ಪ್ಯಾಕೆಟ್ಟು ಯಾರ ಕೈಗೆ ಹೋಗಿದೆಯೋ ಗೊತ್ತಿಲ್ಲದ್ದಕ್ಕೆ ‘ಬಹುದು’ ಅಂದಿದ್ದಾರೆ. ಅಲರ್ಜಿ ಇರುವವರ ಹೊಟ್ಟೆಗೆ ಸ್ವಲ್ಪವೇ ಹೋದರೂ ಜೀವಕ್ಕೆ ಬರಬಹುದು.

ನಮ್ಮವರು ಎಡವುವುದು ಬ್ಯಾಚ್ ನಂಬರಿನಲ್ಲಿ. ಪ್ಯಾಕೆಟ್ ತಂದ ಕೂಡಲೇ ಕತ್ತರಿಸಿ, ಪುಡಿಯನ್ನು ಸ್ಟೀಲ್ ಡಬ್ಬಿಗೆ ಸುರಿದು, ಕವರು ಕಸಕ್ಕೆ ಹಾಕುವುದು ನಮ್ಮ ಪದ್ಧತಿ. ವಾರ ಬಿಟ್ಟು ನೋಟಿಸು ಬಂದರೆ ಡಬ್ಬಿಯಲ್ಲಿರುವುದು ಯಾವ ಬ್ಯಾಚು ಅಂತ ಹೇಳುವವರು ಯಾರು? ನೋಡಿ ಗುರುತಿಸುತ್ತೇನೆ ಅನ್ನಬೇಡಿ. ಖಾರ, ಬೆಳ್ಳುಳ್ಳಿ, ಕರಿಬೇವು ಹಾಕಿ ಕುಟ್ಟಿದ ಮೇಲೆ ಪುಟಾಣಿಯೂ ಶೇಂಗಾವೂ ಹೆಚ್ಚೂಕಡಿಮೆ ಒಂದೇ ಬಣ್ಣ. ಅದಕ್ಕೆ ಕವರಿನಲ್ಲಿ ತಾರೀಕು, ಬ್ಯಾಚು ಇರುವ ಮೂಲೆಯನ್ನು ಕತ್ತರಿಸಿ ಡಬ್ಬಿಯ ಹೊರಗೆ ಟೇಪು ಹಾಕಿ ಅಂಟಿಸಿ. ಕವರು ಹೋಗಿಯೇಬಿಟ್ಟಿದ್ದರೆ, ಡಬ್ಬಿಯಲ್ಲಿರುವುದೂ ನೋಟಿಸಿನ ಮಾಲೇ ಅಂತ ತಿಳಿಯಿರಿ.

ಈಗ ಸಿಂಧನೂರಿನ ಹುಡುಗ ಒಬ್ಬ ಲೆಸ್ಟರಿನಲ್ಲಿ ಓದುತ್ತಿದ್ದಾನೆ ಅಂದುಕೊಳ್ಳಿ. ಮೂವರು ಸೇರಿ ಒಂದು ಮನೆ. ಅವನಿಗೆ ಶೇಂಗಾ ಅಂದರೆ ಜೀವ, ಜೊತೆಯ ಹುಡುಗಿಗೆ ಶೇಂಗಾ ಅಲರ್ಜಿ. ನೋಟಿಸಿನ ಪ್ರಕಾರ ಅವನು ತಿಂದರೆ ಏನೂ ಆಗುವುದಿಲ್ಲ. ಆದರೆ ‘ಇದು ಪುಟಾಣಿ, ನಿನಗೆ ನಡೀತದ’ ಅಂತ ಅವಳ ತಟ್ಟೆಗೆ ಬಡಿಸಿದ್ದು ಇದೇ ಡಬ್ಬಿಯಿಂದ. ಹಾಗಾಗಿ ಮೊದಲು ಅವಳಿಗೆ ಹೇಳಬೇಕು, ಆಮೇಲೆ ಅಂಗಡಿ. ಡಬ್ಬಿಯ ಚಮಚ ಉಪ್ಪಿನಕಾಯಿಗೋ ತುಪ್ಪಕ್ಕೋ ಹೋಗಿದ್ದರೆ ಅವೂ ಅವಳಿಗೆ ಬೇಡ. ಚಮಚ, ಡಬ್ಬಿ ಸೋಪು ಹಾಕಿ ತೊಳೆಯಬೇಕು, ಒರೆಸಿಟ್ಟರೆ ಸಾಲದು. ತಿಂದವರಿಗೆ ತುಟಿ, ನಾಲಿಗೆ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಅವರ ಹತ್ತಿರ ಇರುವ ಅಡ್ರಿನಲಿನ್ ಪೆನ್ ಚುಚ್ಚಿ, 999ಕ್ಕೆ ಫೋನ್ ಮಾಡಿ ‘ಅನಾಫಿಲಾಕ್ಸಿಸ್’ ಅಂತ ಹೇಳಬೇಕು. ನೋಟಿಸು, ರಸೀದಿ ಎಲ್ಲ ಆಮೇಲೆ.

ಶೇಂಗಾ ಇಲ್ಲದ ಪದಾರ್ಥದಲ್ಲೂ ಶೇಂಗಾ ಬರುವುದುಂಟು. 2024ರ ಸೆಪ್ಟೆಂಬರಿನಲ್ಲಿ ಇದೇ ಏಜೆನ್ಸಿ, ಶೇಂಗಾ ಅಲರ್ಜಿ ಇರುವವರು ಸದ್ಯಕ್ಕೆ ಸಾಸಿವೆ ಇರುವ ಯಾವುದನ್ನೂ ತಿನ್ನಬೇಡಿ ಎಂದಿತ್ತು. ಭಾರತದಿಂದ ಬಂದ ಸಾಸಿವೆ ಪದಾರ್ಥದಲ್ಲಿ ಶೇಂಗಾ ಬೆರೆತಿತ್ತು. ಸಾಸ್, ಸ್ಯಾಂಡ್‌ವಿಚ್, ಸಲಾಡ್ ಅಂತ ಒಂದರ ಹಿಂದೊಂದು ಮಾಲು ವಾಪಸ್ ಹೋದವು. ಇಂಥ ಹೊತ್ತಿನಲ್ಲಿ ಮೊದಲ ನೋಟಿಸು ಓದಿ ಮುಗೀತು ಅಂದುಕೊಳ್ಳಬಾರದು. ‘ಅಪ್‌ಡೇಟ್ 1’ ಅಂತ ಇನ್ನೊಂದು ಬಂದು, ಹೊಸ ಬ್ಯಾಚುಗಳು ಸೇರಿರುತ್ತವೆ. ಏಜೆನ್ಸಿಯ ಸೈಟಿನಲ್ಲಿ ಇಮೇಲ್ ಕೊಟ್ಟರೆ ಇಂಥವು ಪುಕ್ಕಟೆ ಬರುತ್ತವೆ. ಅಲರ್ಜಿಯದು ಮಾತ್ರ ಬೇಕು ಅಂತ ಆರಿಸಿಕೊಳ್ಳಲೂಬಹುದು.

ಇನ್ನು ಮನೆಯಲ್ಲೇ ಹಿಂಡಿ ಕುಟ್ಟಿ ವಾಟ್ಸಾಪ್ ಗ್ರೂಪಿನಲ್ಲಿ, ಸಂಘದ ಹಬ್ಬಗಳಲ್ಲಿ ಮಾರುವ ಅಕ್ಕಂದಿರಿಗೆ ಎರಡು ಮಾತು. ಇಲ್ಲಿನ ಕಾನೂನಿನ ಕಣ್ಣಿಗೆ ನೀವೂ ಕಂಪನಿಯೇ. ಮಾರಾಟ ಶುರುವಾಗುವ 28 ದಿನ ಮೊದಲು ನಿಮ್ಮ ಊರಿನ ಕೌನ್ಸಿಲ್ಲಿನಲ್ಲಿ ನೋಂದಣಿ ಮಾಡಿಸಬೇಕು, ಅದಕ್ಕೆ ಫೀಸಿಲ್ಲ. ಇಲ್ಲಿ ಹೇಳಲೇಬೇಕಾದ ಅಲರ್ಜಿ ಪದಾರ್ಥಗಳು 14. ಶೇಂಗಾ, ಎಳ್ಳು, ಸಾಸಿವೆ, ಹಾಲು, ಗೋಧಿ ಎಲ್ಲ ಅದರಲ್ಲಿ ಬರುತ್ತವೆ. ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಅದನ್ನು ಮರೆಯುವವರೇ ಜಾಸ್ತಿ. ಒಂದು ದಿನ ಶೇಂಗಾ ಪುಡಿಗೆ ಪುಟಾಣಿಯ ಲೇಬಲ್ ಅಂಟಿಸಿಬಿಟ್ಟಿರಿ ಅನ್ನಿ. ಮಾರುವುದನ್ನು ಅಲ್ಲಿಗೇ ನಿಲ್ಲಿಸಿ ಕೌನ್ಸಿಲ್ಲಿಗೆ ತಿಳಿಸಬೇಕು. ಕೊಂಡವರಿಗೆ ಮೇಲಿನ ಧಾಟಿಯಲ್ಲೇ ನಾಲ್ಕು ಸಾಲು ಬರೆಯಿರಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ‘ಸ್ವಲ್ಪ ಹೆಚ್ಚುಕಮ್ಮಿ ಆಗಿದೆ, ಬೇಜಾರು ಮಾಡ್ಕೋಬ್ಯಾಡ್ರಿ’ ಅಂತ ಬರೆದರೆ ಡಬ್ಬಿಯಲ್ಲಿ ಶೇಂಗಾ ಇದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬೊಬ್ಬರಿಗೂ ತಲುಪಿಸಬೇಕಾದರೆ ಯಾವ ದಿನ ಕುಟ್ಟಿದ್ದು ಯಾರಿಗೆ ಹೋಯಿತು ಅನ್ನುವ ಪಟ್ಟಿ ಬೇಕು. ಅದನ್ನು ಮೊದಲ ಪ್ಯಾಕೆಟ್ಟಿನಿಂದಲೇ ಬರೆದಿಡಿ.