ಹೆರಿಟಬಿಲಿಟಿ ಲೆಕ್ಕ: ಛೇದದಲ್ಲಿ ಏನಿದೆ ಎಂದು ನೋಡಿಕೊಳ್ಳಿ

ಸಸ್ಯ ತಳಿ ಅಭಿವೃದ್ಧಿಯ ಸ್ನಾತಕೋತ್ತರ ಪ್ರಬಂಧ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಹೆರಿಟಬಿಲಿಟಿ ಕೋಷ್ಟಕದ ಕೆಳಗಿನ ಅಡಿಟಿಪ್ಪಣಿಯನ್ನು. ಲೆಕ್ಕ ಒಂದು ತಾಕಿನ ಆಧಾರದ ಮೇಲೆ ನಡೆದಿದೆಯೋ, ತಳಿಯ ಸರಾಸರಿಯ ಆಧಾರದ ಮೇಲೆ ನಡೆದಿದೆಯೋ ಎಂಬುದು ಅಲ್ಲಿರಬೇಕು. ಎಷ್ಟೋ ಪ್ರಬಂಧಗಳಲ್ಲಿ ಅದು ಇರುವುದಿಲ್ಲ. ಅದಿಲ್ಲದೆ ಮುಂದಿನ ಜೆನೆಟಿಕ್ ಅಡ್ವಾನ್ಸ್ ಸರಿಯೋ ತಪ್ಪೋ ಹೇಳಲು ಬರುವುದಿಲ್ಲ. ಆದ್ದರಿಂದ ಒಂದೇ ಉದಾಹರಣೆಯನ್ನು ಹಿಡಿದು ಕೊನೆಯವರೆಗೆ ಹೋಗೋಣ.

ಸ್ವಪರಾಗಸ್ಪರ್ಶ ಬೆಳೆಯೊಂದರ 30 ಶುದ್ಧ ತಳಿಗಳನ್ನು ಯಾದೃಚ್ಛಿಕ ಬ್ಲಾಕ್ ವಿನ್ಯಾಸದಲ್ಲಿ, 3 ರೆಪ್ಲಿಕೇಶನ್‌ಗಳಲ್ಲಿ ಬೆಳೆಸಿದ್ದೀರಿ ಎಂದುಕೊಳ್ಳಿ. ಪ್ರತಿ ತಾಕಿನಲ್ಲಿ ಕೆಲವು ಗಿಡಗಳನ್ನು ಆರಿಸಿ, ಅವುಗಳ ಕಾಳಿನ ತೂಕದ ಸರಾಸರಿ ತೆಗೆದಿದ್ದೀರಿ. ಪ್ರಯೋಗದ ಒಟ್ಟಾರೆ ಸರಾಸರಿ ಗಿಡಕ್ಕೆ 25 ಗ್ರಾಂ. ಅನೋವಾ ಕೋಷ್ಟಕದಲ್ಲಿ ತಳಿಗಳ ಮೀನ್ ಸ್ಕ್ವೇರ್ 42, ದೋಷದ ಮೀನ್ ಸ್ಕ್ವೇರ್ 9.

ಮೊದಲ ಹೆಜ್ಜೆ: ಎಫ್ ಪರೀಕ್ಷೆ. ತಳಿಗಳ ನಡುವಿನ ವ್ಯತ್ಯಾಸ ಸಾರ್ಥಕವಲ್ಲದಿದ್ದರೆ ಆ ಗುಣದ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿ.

ಎರಡನೆಯ ಹೆಜ್ಜೆ: ಜೀನೋಟೈಪ್ ವೇರಿಯನ್ಸ್. ಎರಡು ಮೀನ್ ಸ್ಕ್ವೇರ್‌ಗಳ ಅಂತರವನ್ನು ರೆಪ್ಲಿಕೇಶನ್ ಸಂಖ್ಯೆಯಿಂದ ಭಾಗಿಸಿ: (42 − 9) ÷ 3 = 11. ಇಲ್ಲಿ ಭಾಜಕ 3 ಮಾತ್ರ. ತಾಕಿನಲ್ಲಿ ಎಷ್ಟು ಗಿಡ ಅಳೆದಿದ್ದೀರಿ ಎಂಬುದನ್ನು ಅದಕ್ಕೆ ಗುಣಿಸಬೇಡಿ. ಹಿರಿಯ ವಿದ್ಯಾರ್ಥಿಗಳಿಂದ ಕೈದಾಟಿ ಬಂದ ಎಕ್ಸೆಲ್ ಹಾಳೆಯನ್ನು ಬಳಸುವುದಾದರೆ ಆ ಕೋಶದ ಮೇಲೆ ಕ್ಲಿಕ್ ಮಾಡಿ ಸೂತ್ರವನ್ನು ಓದಿ. ಯಾರದೋ ಪ್ರಯೋಗದ ರೆಪ್ಲಿಕೇಶನ್ ಸಂಖ್ಯೆ ಅದರೊಳಗೆ ಹಾಗೆಯೇ ಕುಳಿತಿರುತ್ತದೆ. ಇಂಥ ಹಾಳೆಗಳನ್ನು ಮುಟ್ಟದಿರುವುದೇ ಲೇಸು. ಕೈಲೆಕ್ಕಕ್ಕೆ ಹಿಡಿಯುವುದು ಕೆಲವೇ ನಿಮಿಷ.

ಮೂರನೆಯ ಹೆಜ್ಜೆ: ಫಿನೋಟೈಪ್ ವೇರಿಯನ್ಸ್. ಹೆಚ್ಚಿನವರು ಎಡವುವುದು ಇಲ್ಲಿ. ಹೆರಿಟಬಿಲಿಟಿ ಎಂದರೆ ಜೀನೋಟೈಪ್ ವೇರಿಯನ್ಸನ್ನು ಫಿನೋಟೈಪ್ ವೇರಿಯನ್ಸ್‌ನಿಂದ ಭಾಗಿಸಿದ್ದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಫಿನೋಟೈಪ್ ಎಂದರೆ ಯಾವುದರ ಫಿನೋಟೈಪ್? ಒಂದು ತಾಕಿನದೇ, ಮೂರು ತಾಕುಗಳ ಸರಾಸರಿಯದೇ?

ಒಂದು ತಾಕಿನದಾದರೆ ದೋಷ ಪೂರ್ತಿಯಾಗಿ ಸೇರುತ್ತದೆ: 11 + 9 = 20. ಹೆರಿಟಬಿಲಿಟಿ 11 ÷ 20, ಅಂದರೆ ಶೇ 55. ತಳಿಯ ಸರಾಸರಿಯದಾದರೆ ದೋಷ ಮೂರರಲ್ಲಿ ಒಂದು ಪಾಲಾಗುತ್ತದೆ: 11 + 9/3 = 14. ಹೆರಿಟಬಿಲಿಟಿ ಶೇ 78.6. ಗದ್ದೆ ಒಂದೇ, ತಳಿಗಳೂ ಅವೇ. ಅಂಕಿ ಮಾತ್ರ ಇಷ್ಟು ಬೇರೆ. ಎರಡೂ ಸರಿ, ಏಕೆಂದರೆ ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ನೀವು ತಳಿಗಳನ್ನು ಆರಿಸುವುದು ಮೂರು ತಾಕುಗಳ ಸರಾಸರಿ ನೋಡಿಯೇ ಆದ್ದರಿಂದ ಸರಾಸರಿಯ ಆಧಾರವನ್ನೇ ಬಳಸಿ ಎಂಬುದು ನನ್ನ ಖಚಿತ ಸಲಹೆ. ಆದರೆ ಬೇರೊಬ್ಬರ ಶೇ 55ರ ಪಕ್ಕದಲ್ಲಿ ನಿಮ್ಮ ಶೇ 78.6 ಇಟ್ಟು ‘ನಮ್ಮಲ್ಲಿ ಹೆಚ್ಚು’ ಎಂದು ಬರೆಯಬೇಡಿ.

ನಾಲ್ಕನೆಯ ಹೆಜ್ಜೆ: ಜೆನೆಟಿಕ್ ಅಡ್ವಾನ್ಸ್. ಸೂತ್ರ ಇಷ್ಟೇ:

```
GA = k × h² × σp
```

ಇಲ್ಲಿ σp ಎಂದರೆ ಫಿನೋಟೈಪ್ ವೇರಿಯನ್ಸ್‌ನ ವರ್ಗಮೂಲ. ಶೇ 5ರಷ್ಟು ಆಯ್ಕೆಗೆ k = 2.06. ಸರಾಸರಿಯ ಆಧಾರದಲ್ಲಿ 2.06 × 0.786 × 3.742 = 6.06 ಗ್ರಾಂ, ಅಂದರೆ ಸರಾಸರಿಯ ಶೇ 24.2. ತಾಕಿನ ಆಧಾರದಲ್ಲಿ 2.06 × 0.55 × 4.472 = 5.07 ಗ್ರಾಂ, ಶೇ 20.3. ಈಗ ಆಗುವ ಅನಾಹುತ ನೋಡಿ: ಹೆರಿಟಬಿಲಿಟಿಯನ್ನು ಸರಾಸರಿಯ ಆಧಾರದಿಂದ ತಂದು, σp ಮಾತ್ರ ತಾಕಿನ ಆಧಾರದ್ದು ಹಾಕಿದರೆ 7.24 ಗ್ರಾಂ, ಶೇ 29 ಬರುತ್ತದೆ. ಯಾವ ಆಯ್ಕೆಗೂ ಹೊಂದದ ಅಂಕಿ ಇದು. ಪತ್ತೆ ಹಚ್ಚುವುದು ಸುಲಭ. ಉತ್ತರವನ್ನು k × σ²g ÷ σp ಎಂಬ ರೂಪದಲ್ಲಿ ಮತ್ತೊಮ್ಮೆ ಲೆಕ್ಕ ಹಾಕಿ. ಎರಡೂ ತಾಳೆಯಾಗದಿದ್ದರೆ ಆಧಾರಗಳು ಬೆರೆತಿವೆ.

2.06ರ ಬಗ್ಗೆಯೂ ಒಂದು ಮಾತು. ಅದು ದೊಡ್ಡ ಸಮೂಹದಿಂದ ಮೇಲಿನ ಶೇ 5ನ್ನು ಆರಿಸಿದಾಗಿನ ಬೆಲೆ. 30 ತಳಿಗಳಲ್ಲಿ ಶೇ 5 ಎಂದರೆ ಒಂದೂವರೆ ತಳಿ! ನೀವು ನಿಜವಾಗಿ ಮೂರು ತಳಿ ಆರಿಸುವುದಾದರೆ ಅದು ಶೇ 10ರ ಆಯ್ಕೆ, k 1.755, ಸಮೂಹ ಚಿಕ್ಕದಾದ್ದರಿಂದ ಅದಕ್ಕಿಂತಲೂ ತುಸು ಕಡಿಮೆ. ಇತರ ಪ್ರಬಂಧಗಳೊಂದಿಗೆ ಹೋಲಿಸಲು 2.06 ಇರಲಿ, ಆದರೆ ನಿಮ್ಮ ಆಯ್ಕೆಯ ಲಾಭ ಅಷ್ಟಿರುತ್ತದೆ ಎಂದು ನಂಬಬೇಡಿ.

ಐದನೆಯ ಹೆಜ್ಜೆ: ಎರಡನೆಯ ಹಂಗಾಮು. ಅದೇ ತಳಿಗಳನ್ನು ಮುಂದಿನ ಹಂಗಾಮಿನಲ್ಲೂ ಅದೇ ವಿನ್ಯಾಸದಲ್ಲಿ ಬೆಳೆಸಿದಿರಿ, ಸರಾಸರಿ ಮತ್ತೆ 25 ಗ್ರಾಂ ಬಂತು ಎನ್ನಿ. ಒಟ್ಟುಗೂಡಿಸಿದ ಅನೋವಾದಲ್ಲಿ ತಳಿಗಳ ಮೀನ್ ಸ್ಕ್ವೇರ್ 60, ತಳಿ–ಹಂಗಾಮು ಅಂತರ್‌ಕ್ರಿಯೆಯದು 24, ದೋಷದ್ದು 9. ಅಂತರ್‌ಕ್ರಿಯೆಯ ವೇರಿಯನ್ಸ್ (24 − 9) ÷ 3 = 5. ತಳಿಗಳ ವೇರಿಯನ್ಸ್ (60 − 24) ÷ 6 = 6.

ಒಂದೇ ಹಂಗಾಮಿನಲ್ಲಿ 11 ಎಂದು ಕಂಡದ್ದರ ಒಳಗುಟ್ಟು ಈಗ ತಿಳಿಯಿತು: ಅದರಲ್ಲಿ ತಳಿಯ ಸ್ವಂತದ್ದು 6, ಉಳಿದ 5 ಆ ಹಂಗಾಮಿಗೆ ಮಾತ್ರ ಒದಗಿದ ಪ್ರತಿಕ್ರಿಯೆ. ಒಂದೇ ಹಂಗಾಮಿನ ದತ್ತಾಂಶದಲ್ಲಿ ಇವೆರಡನ್ನೂ ಬಿಡಿಸುವ ದಾರಿಯೇ ಇಲ್ಲ, ಯಾವ ಸಾಫ್ಟ್‌ವೇರ್ ತಂದರೂ ಅಷ್ಟೆ. ಮೊದಲ ಹಂಗಾಮಿನ ಸರಾಸರಿ ನೋಡಿ ಆರಿಸಿದ್ದರೆ ಬೇರೆ ಹಂಗಾಮುಗಳಲ್ಲಿ ನಿರೀಕ್ಷಿಸಬಹುದಾದ ಲಾಭ 2.06 × 6 ÷ 3.742 = 3.30 ಗ್ರಾಂ, ಶೇ 13.2. ಕೋಷ್ಟಕ ಹೇಳಿದ್ದು ಶೇ 24.2! ಎರಡು ಹಂಗಾಮುಗಳ ಸರಾಸರಿಯ ಮೇಲೆ ಆರಿಸಿದರೆ ಫಿನೋಟೈಪ್ ವೇರಿಯನ್ಸ್ 6 + 5/2 + 9/6 = 10, ಹೆರಿಟಬಿಲಿಟಿ ಶೇ 60, ಲಾಭ 3.91 ಗ್ರಾಂ, ಶೇ 15.6. ಅಂಕಿ ಇಳಿದಂತೆ ಕಂಡರೂ ಕೈಗೆ ಸಿಗುವ ಲಾಭ ಏರಿದೆ. ಒಂದೇ ಹಂಗಾಮಿನ ಪ್ರಯೋಗವಾದರೆ ಆ ಮಿತಿಯನ್ನು ಕೋಷ್ಟಕದ ಕೆಳಗೆ ಬರೆಯಲೇಬೇಕು.

ಆರನೆಯ ಹೆಜ್ಜೆ: ವ್ಯಾಖ್ಯಾನ. ಜೆನೆಟಿಕ್ ಅಡ್ವಾನ್ಸ್ ಸರಾಸರಿಯ ಶೇ 10ಕ್ಕಿಂತ ಕಡಿಮೆ ಇದ್ದರೆ ಅಲ್ಪ, 20ರವರೆಗೆ ಮಧ್ಯಮ, ಮೇಲೆ ಅಧಿಕ ಎಂದು ವಿಂಗಡಿಸುವ ರೂಢಿಯಿದೆ. ಇದನ್ನು ಕಣ್ಣುಮುಚ್ಚಿ ಹಚ್ಚಬೇಡಿ. ಹೂ ಬಿಡುವ ದಿನಗಳ ಸರಾಸರಿ 60, ಜೆನೆಟಿಕ್ ಅಡ್ವಾನ್ಸ್ 4 ದಿನ ಎಂದಾದರೆ ಅದು ಶೇ 6.7, ‘ಅಲ್ಪ’. ಅದೇ ದಿನಗಳನ್ನು ಬಿತ್ತನೆಯಾದ 30ನೇ ದಿನದಿಂದ ಎಣಿಸಿದರೆ ಸರಾಸರಿ 30, ಶೇ 13.3, ‘ಮಧ್ಯಮ’. ಗಿಡಗಳಲ್ಲಿ ಏನೂ ಬದಲಾಗಿಲ್ಲ. ಇಂಥ ಗುಣಗಳಿಗೆ ದಿನಗಳಲ್ಲೇ ಬರೆಯಿರಿ. ಬೇಗ ಮಾಗುವ ತಳಿ ಬೇಕಿದ್ದರೆ ನಾಲ್ಕು ದಿನ ಸಣ್ಣದಲ್ಲ.

ಇನ್ನು, ‘ಹೆರಿಟಬಿಲಿಟಿಯೂ ಜೆನೆಟಿಕ್ ಅಡ್ವಾನ್ಸೂ ಅಧಿಕವಿರುವುದರಿಂದ ಸಂಕಲನಾತ್ಮಕ ಜೀನ್ ಕ್ರಿಯೆ ಇದೆ’ ಎಂಬ ವಾಕ್ಯ ಪ್ರಬಂಧದಿಂದ ಪ್ರಬಂಧಕ್ಕೆ ನಕಲಾಗುತ್ತಲೇ ಇದೆ. ಶುದ್ಧ ತಳಿಗಳು ಸಮಯುಗ್ಮಕಗಳು. ಪ್ರಾಬಲ್ಯ ತೋರಲು ಬೇಕಾದ ವಿಷಮಯುಗ್ಮಕಗಳೇ ಅವುಗಳಲ್ಲಿ ಇಲ್ಲವೆಂದ ಮೇಲೆ, ಪ್ರಾಬಲ್ಯ ಇದೆಯೋ ಇಲ್ಲವೋ ಎಂದು ಆ ಪ್ರಯೋಗ ಹೇಳಲಾರದು. ಜೀನ್ ಕ್ರಿಯೆಯ ಬಗ್ಗೆ ಬರೆಯಲೇಬೇಕಿದ್ದರೆ ಡಯಲೆಲ್ ಸಂಕರಣವನ್ನೋ ತಲೆಮಾರು ಸರಾಸರಿಗಳ ವಿಶ್ಲೇಷಣೆಯನ್ನೋ ಮಾಡಿ. ಎಫ್2 ಸಮೂಹದಲ್ಲಂತೂ ಪ್ರಾಬಲ್ಯದ ಪಾಲೂ ಜೀನೋಟೈಪ್ ವೇರಿಯನ್ಸ್‌ಗೆ ಸೇರಿಕೊಳ್ಳುತ್ತದೆ. ಅಲ್ಲಿ ವಿಶಾಲಾರ್ಥದ ಹೆರಿಟಬಿಲಿಟಿಯಿಂದ ಲೆಕ್ಕ ಹಾಕಿದ ಲಾಭ ಮುಂದಿನ ತಲೆಮಾರಿಗೆ ಪೂರ್ತಿಯಾಗಿ ಇಳಿಯುವುದಿಲ್ಲ.