ಬಿಸಿ ಲೋಹ, ತಣ್ಣೀರು ಮತ್ತು ಅರ್ಧ ಗ್ರಾಂ ಲೆಕ್ಕ

ಕೈಯಲ್ಲೊಂದು ಬೂದು ಬಣ್ಣದ ಲೋಹದ ತುಂಡು ಇದೆ, ಯಾವ ಲೋಹವೆಂದು ಗೊತ್ತಿಲ್ಲ ಎಂದುಕೊಳ್ಳಿ. ಅದನ್ನು ಕುದಿಯುವ ನೀರಿನಲ್ಲಿ ಕಾಯಿಸಿ, ತಣ್ಣೀರಿಗೆ ಇಳಿಸಿ, ನೀರು ಎಷ್ಟು ಬಿಸಿಯಾಯಿತು ಎಂದು ನೋಡಿದರೆ ಅದರ ವಿಶಿಷ್ಟ ಉಷ್ಣ ಸಿಗುತ್ತದೆ. ಅಂದರೆ ಒಂದು ಗ್ರಾಂ ಲೋಹದ ತಾಪವನ್ನು ಒಂದು ಡಿಗ್ರಿ ಏರಿಸಲು ಎಷ್ಟು ಜೂಲ್ ಉಷ್ಣ ಬೇಕು ಎಂಬ ಸಂಖ್ಯೆ. ಸೀಸಕ್ಕೆ ಇದು 0.13, ಕಬ್ಬಿಣಕ್ಕೆ 0.45, ಅಲ್ಯೂಮಿನಿಯಂಗೆ 0.90. ಇಷ್ಟು ಅಂತರ ಇರುವುದರಿಂದಲೇ ಲೋಹವನ್ನು ಗುರುತಿಸಲು ಇದು ನೆರವಾಗುತ್ತದೆ.

ಲೆಕ್ಕದ ತಿರುಳು ಸರಳ: ಲೋಹ ಕಳೆದುಕೊಂಡ ಉಷ್ಣವೆಲ್ಲ ನೀರಿಗೆ ಸೇರಿದೆ ಎಂದು ಹಿಡಿಯುವುದು. ಪ್ರಯೋಗದ ಕಷ್ಟವೆಲ್ಲ ಇರುವುದು ಈ ಮಾತನ್ನು ನಿಜ ಮಾಡುವುದರಲ್ಲಿ.

ಮೊದಲು ಪಾತ್ರೆ. ಒಂದರೊಳಗೊಂದು ಇಟ್ಟ ಎರಡು ಥರ್ಮೋಕೋಲ್ ಲೋಟಗಳು, ಮೇಲೊಂದು ಮುಚ್ಚಳ ಸಾಕು. ಇವು ಎಷ್ಟು ಹಗುರವೆಂದರೆ ಇವು ಹೀರುವ ಉಷ್ಣವನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಲ್ಯಾಬಿನ ತಾಮ್ರದ ಕ್ಯಾಲೊರಿಮೀಟರ್ ಆದರೆ ಹಾಗೆ ಬಿಡುವಂತಿಲ್ಲ. 60 ಗ್ರಾಂ ತಾಮ್ರ ಸುಮಾರು ಐದೂವರೆ ಗ್ರಾಂ ನೀರಿನಷ್ಟು ಉಷ್ಣ ನುಂಗುತ್ತದೆ. ನನ್ನ ಮಟ್ಟಿಗೆ ಥರ್ಮೋಕೋಲೇ ಮೇಲು.

ನಮ್ಮ ತುಂಡು 120.0 ಗ್ರಾಂ ಇದೆ. ಲೋಟಕ್ಕೆ 100.0 ಗ್ರಾಂ ನೀರು ಹಾಕಿ, ಲೋಟ ಮತ್ತು ನೀರನ್ನು ಒಟ್ಟಿಗೆ ತೂಗಿ ಬರೆದಿಡಿ: 105.2 ಗ್ರಾಂ. ಈ ಸಂಖ್ಯೆ ಕೊನೆಯಲ್ಲಿ ಬೇಕಾಗುತ್ತದೆ. ತುಂಡು ಪೂರ್ತಿ ಮುಳುಗುವಷ್ಟು ನೀರು ಇರಬೇಕು, ಅದಕ್ಕಿಂತ ತೀರಾ ಹೆಚ್ಚು ಬೇಡ. ನೀರು ಹೆಚ್ಚಾದಷ್ಟೂ ತಾಪದ ಏರಿಕೆ ಕಡಿಮೆಯಾಗಿ, ಥರ್ಮಾಮೀಟರ್ ಓದುವಾಗಿನ ಸಣ್ಣ ತಪ್ಪೂ ದೊಡ್ಡದಾಗಿ ಕಾಣಿಸುತ್ತದೆ.

ನೀರನ್ನು ಕೋಣೆಯ ತಾಪಕ್ಕಿಂತ ತುಸು ತಣ್ಣಗೆ ಇಟ್ಟುಕೊಳ್ಳಿ. ಕೋಣೆ 28 ಡಿಗ್ರಿ ಇದ್ದರೆ ನೀರು 24 ಡಿಗ್ರಿ ಇರಲಿ. ಕೊನೆಗೆ ನೀರು ಸುಮಾರು 32ರ ಹತ್ತಿರ ಹೋಗಲಿದೆ. ಮೊದಲು ಗಾಳಿಯಿಂದ ನೀರಿಗೆ ಬಂದ ಉಷ್ಣ, ಆಮೇಲೆ ನೀರಿನಿಂದ ಗಾಳಿಗೆ ಹೋದ ಉಷ್ಣ ಎರಡೂ ಪೂರ್ತಿ ಅಲ್ಲದಿದ್ದರೂ ಬಹುಮಟ್ಟಿಗೆ ಒಂದನ್ನೊಂದು ಹೊಡೆದುಹಾಕುತ್ತವೆ.

ಇನ್ನು ಲೋಹ ಕಾಯಿಸುವುದು. ತುಂಡಿಗೆ ದಾರ ಕಟ್ಟಿ, ಕುದಿಯುವ ನೀರಿನಲ್ಲಿ ತಳ ತಾಗದಂತೆ ಹತ್ತು ನಿಮಿಷ ತೂಗುಬಿಡಿ. ತಳದಲ್ಲಿ ಕೂತರೆ ಉರಿಯ ಬಿಸಿ ನೇರವಾಗಿ ತಾಗಿ, ಲೋಹ ನೀರಿಗಿಂತಲೂ ಹೆಚ್ಚು ಕಾಯಬಹುದು. ಕುದಿಯುವ ನೀರೆಂದರೆ 100 ಡಿಗ್ರಿ ಎಂದು ಕಣ್ಣುಮುಚ್ಚಿ ಬರೆಯಬೇಡಿ. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಥರ್ಮಾಮೀಟರ್ ಅದ್ದಿ ಓದಿ. ನಮ್ಮ ಉದಾಹರಣೆಯಲ್ಲಿ ಅದು 98.0 ತೋರಿಸಿತು.

ಈಗ ಬರುವ ಎರಡು ಮೂರು ಸೆಕೆಂಡುಗಳ ಮೇಲೆ ಇಡೀ ಪ್ರಯೋಗ ನಿಂತಿದೆ. ತುಂಡನ್ನು ಮೇಲೆತ್ತಿದಾಗ ಅದರ ಮೈಗೆ, ದಾರದ ಗಂಟಿಗೆ ಬಿಸಿನೀರು ಅಂಟಿಕೊಂಡಿರುತ್ತದೆ. ಒಮ್ಮೆ ಝಾಡಿಸಿ, ತಳದ ಹನಿಯನ್ನು ಬಟ್ಟೆಗೆ ತಾಗಿಸಿ, ಕೂಡಲೇ ತಣ್ಣೀರಿಗೆ ಇಳಿಸಬೇಕು. ಸಂಪೂರ್ಣ ಒರೆಸುತ್ತ ಕೂತರೆ ಲೋಹ ಗಾಳಿಯಲ್ಲೇ ಆರುತ್ತದೆ. ಒರೆಸದೇ ಇದ್ದರೆ ಬಿಸಿನೀರು ಜೊತೆಗೆ ಬರುತ್ತದೆ. ಎತ್ತಿ ಹಾಕುವುದಂತೂ ಬೇಡವೇ ಬೇಡ: ಚಿಮ್ಮಿ ಹೋದ ನೀರನ್ನು ಯಾವ ಲೆಕ್ಕಕ್ಕೂ ಹಿಡಿಯಲಾಗದು.

ಮುಚ್ಚಳ ಹಾಕಿ, ಮೆಲ್ಲಗೆ ಕಲಕುತ್ತ, ಥರ್ಮಾಮೀಟರಿನ ಬುರುಡೆ ಲೋಹಕ್ಕೆ ತಾಗದಂತೆ ಹಿಡಿದು, ಅರ್ಧ ನಿಮಿಷಕ್ಕೊಮ್ಮೆ ಓದಿ. ತಾಪ ಸರಸರನೆ ಏರಿ, ಒಂದು ಕಡೆ ನಿಂತು, ಆಮೇಲೆ ನಿಧಾನಕ್ಕೆ ಇಳಿಯತೊಡಗುತ್ತದೆ. ಆ ತುದಿಯ ಓದೇ ನಮಗೆ ಬೇಕಾದ್ದು: 31.6 ಡಿಗ್ರಿ. ಓದು ಏರುತ್ತಲೇ ಹೋಗುತ್ತಿದ್ದರೆ ಕಲಕಿದ್ದು ಸಾಲದು ಎಂದರ್ಥ. ತುದಿ ಮುಟ್ಟಿದ ಮೇಲೆ ಬೇಗ ಬೇಗ ಬಿದ್ದರೆ ಮುಚ್ಚಳ ಸರಿಯಾಗಿ ಕೂತಿಲ್ಲ.

ಲೆಕ್ಕ ಹಾಕೋಣ. ನೀರು 24.0ರಿಂದ 31.6ಕ್ಕೆ ಏರಿತು, ಅಂದರೆ 7.6 ಡಿಗ್ರಿ. ಒಂದು ಗ್ರಾಂ ನೀರಿಗೆ ಡಿಗ್ರಿಗೆ 4.18 ಜೂಲ್ ಬೇಕು. ಲೋಹ 98.0ರಿಂದ 31.6ಕ್ಕೆ ಇಳಿಯಿತು, 66.4 ಡಿಗ್ರಿ.

```
ನೀರು ಪಡೆದದ್ದು = 100 × 4.18 × 7.6 = 3177 ಜೂಲ್
ವಿಶಿಷ್ಟ ಉಷ್ಣ = 3177 ÷ (120 × 66.4) = 0.40
```

ಬಹಳಷ್ಟು ಮಂದಿ ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಆದರೆ ಲೋಟವನ್ನು ಲೋಹದ ಸಮೇತ (ದಾರ ಬಿಚ್ಚಿ, ಅದರ ನೀರನ್ನು ಲೋಟಕ್ಕೇ ಹಿಂಡಿ) ಇನ್ನೊಮ್ಮೆ ತೂಗಿ ನೋಡಿ. 105.2ಕ್ಕೆ 120.0 ಸೇರಿ 225.2 ಬರಬೇಕಿತ್ತು. ತಕ್ಕಡಿ 225.7 ತೋರಿಸುತ್ತಿದೆ. ಅರ್ಧ ಗ್ರಾಂ ಬಿಸಿನೀರು ಲೋಹಕ್ಕೆ ಅಂಟಿಕೊಂಡು ಬಂದಿದೆ. ಅರ್ಧ ಗ್ರಾಂ ಏನು ಮಹಾ ಅನ್ನಿಸಬಹುದು. ಆದರೆ ತೂಕಕ್ಕೆ ತೂಕ ನೋಡಿದರೆ ನೀರು ಈ ಲೋಹದ ಹತ್ತು ಪಟ್ಟಿಗಿಂತ ಹೆಚ್ಚು ಉಷ್ಣ ಹೊತ್ತು ತರುತ್ತದೆ.

```
ಅಂಟಿದ ನೀರು ತಂದದ್ದು = 0.5 × 4.18 × 66.4 = 139 ಜೂಲ್
ಲೋಹ ಕೊಟ್ಟದ್ದು = 3177 − 139 = 3038 ಜೂಲ್
ವಿಶಿಷ್ಟ ಉಷ್ಣ = 3038 ÷ (120 × 66.4) = 0.38
```

ಈ ತಿದ್ದುಪಡಿ ಶೇಕಡ ನಾಲ್ಕಕ್ಕಿಂತ ಹೆಚ್ಚು. ಒದ್ದೆಯಾಗುವುದೇ ಬೇಡ ಎನ್ನುವವರು ತುಂಡನ್ನು ಒಣಗಿದ ದೊಡ್ಡ ಪ್ರನಾಳದಲ್ಲಿಟ್ಟು, ಪ್ರನಾಳವನ್ನು ಕುದಿಯುವ ನೀರಿನಲ್ಲಿ ನಿಲ್ಲಿಸಬಹುದು. ಆಗ ಹೆಚ್ಚು ಹೊತ್ತು ಕಾಯಬೇಕು, ಲೋಹ ನಿಜಕ್ಕೂ 98 ಮುಟ್ಟಿತೇ ಎಂಬ ಅನುಮಾನವೂ ಉಳಿಯುತ್ತದೆ. ಒದ್ದೆ ಮಾಡಿ ತೂಗುವುದೇ ನನಗೆ ಹೆಚ್ಚು ನಂಬಿಕೆಯ ದಾರಿ.

0.38 ಎಂಬುದನ್ನು ಎಷ್ಟರ ಮಟ್ಟಿಗೆ ನಂಬಬಹುದು? 7.6 ಡಿಗ್ರಿಯ ಏರಿಕೆಯಲ್ಲಿ 0.2 ಡಿಗ್ರಿ ಆಚೀಚೆ ಆದರೂ ಶೇಕಡ ಎರಡೂವರೆಗಿಂತ ಹೆಚ್ಚು ತಪ್ಪು. ಹಾಗಾಗಿ 0.37ರಿಂದ 0.39 ಎನ್ನುವುದು ಪ್ರಾಮಾಣಿಕ ಉತ್ತರ. ಇದು ಕಬ್ಬಿಣವಲ್ಲ, ಅಲ್ಯೂಮಿನಿಯಂ ಅಲ್ಲ, ಸೀಸವಂತೂ ಅಲ್ಲ. ಆದರೆ ತಾಮ್ರ 0.385, ಸತು 0.388, ಹಿತ್ತಾಳೆ ಸುಮಾರು 0.38. ಮೂರೂ ಈ ಪಟ್ಟಿಯೊಳಗೇ ಬರುತ್ತವೆ.

ಹೀಗೆ ಒತ್ತಾಗಿ ಬರುವುದಕ್ಕೆ ಕಾರಣವಿದೆ. ಬಹುತೇಕ ಲೋಹಗಳ ವಿಶಿಷ್ಟ ಉಷ್ಣವನ್ನು ಅವುಗಳ ಪರಮಾಣು ತೂಕದಿಂದ ಗುಣಿಸಿದರೆ ಹೆಚ್ಚುಕಡಿಮೆ 25 ಬರುತ್ತದೆ ಎಂಬ ನಿಯಮವನ್ನು 1819ರಲ್ಲಿ ಫ್ರಾನ್ಸಿನ ಡ್ಯೂಲಾಂಗ್ ಮತ್ತು ಪೆಟಿ ಕಂಡುಕೊಂಡರು. ಒಂದು ಡಿಗ್ರಿಗೆ ಪ್ರತಿ ಪರಮಾಣುವೂ ಸರಿಸುಮಾರು ಒಂದೇ ಪಾಲು ಉಷ್ಣ ಹೀರುತ್ತದೆ; ಭಾರದ ಪರಮಾಣುಗಳು ಒಂದು ಗ್ರಾಂನಲ್ಲಿ ಕಡಿಮೆ ಇರುವುದರಿಂದ ಅಂಥ ಲೋಹಕ್ಕೆ ಕಡಿಮೆ ಉಷ್ಣ ಸಾಕು. 25ನ್ನು 0.38ರಿಂದ ಭಾಗಿಸಿದರೆ ಸುಮಾರು 66. ತಾಮ್ರದ ಪರಮಾಣು ತೂಕ 63.5, ಸತುವಿನದು 65.4. ಪರಮಾಣು ತೂಕ ಇಷ್ಟು ಹತ್ತಿರ ಇದ್ದ ಮೇಲೆ ಇವೆರಡನ್ನು ಈ ಪ್ರಯೋಗ ಬೇರೆ ಮಾಡಲಾರದು, ಥರ್ಮಾಮೀಟರ್ ಎಷ್ಟೇ ಒಳ್ಳೆಯದಿದ್ದರೂ ಕಷ್ಟ.

ಬೂದು ಬಣ್ಣ ಸತುವಿನ ಕಡೆಗೇ ಬೆರಳು ತೋರಿಸುತ್ತದೆ ನಿಜ, ಆದರೆ ತಾಮ್ರದ ಮೇಲೂ ಬೇರೆ ಲೋಹದ ಲೇಪ ಇರಬಹುದು. ತುಂಡನ್ನು ಅಳತೆ ಜಾಡಿಯ ನೀರಿನಲ್ಲಿ ಮುಳುಗಿಸಿ, ಮಟ್ಟ ಎಷ್ಟು ಏರಿತು ನೋಡಿ. 120 ಗ್ರಾಂ ತಾಮ್ರವಾದರೆ ಮಟ್ಟ ಸುಮಾರು 13.4 ಮಿಲಿಲೀಟರ್ ಏರುತ್ತದೆ, ಹಿತ್ತಾಳೆಯಾದರೆ 14ರ ಆಸುಪಾಸು, ಸತುವಾದರೆ 16.8.